ಪದಚರ್ಚೆ: ಕ್ಲಿನಿಕ್ ನಕ್ಷೆಯ ‘ಸ್ಯಾನಿಟೇಶನ್ ಝೋನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಕಟ್ಟಡದ ನಕ್ಷೆ ಬರೆಯುತ್ತೇನೆ. ಈಗ ಬಡಾವಣೆಯ ಸಣ್ಣ ಕ್ಲಿನಿಕ್ ಒಂದರ ಕೆಲಸ ಕೈಯಲ್ಲಿದೆ. 20 ಅಡಿ ಅಗಲ, 30 ಅಡಿ ಉದ್ದ. ಮುಂದೆ ವೇಟಿಂಗ್. ನಡುವೆ ಓಡಾಡುವ ದಾರಿ, ಅದರ ಎಡಕ್ಕೆ ಕನ್ಸಲ್ಟೇಶನ್, ಬಲಕ್ಕೆ ಡ್ರೆಸ್ಸಿಂಗ್, ಇಂಜೆಕ್ಷನ್ ನಡೆಯುವ ಪ್ರೊಸೀಜರ್. ಹಿಂದೆ ಸ್ಯಾನಿಟೇಶನ್. ಬೋರ್ಡೆಲ್ಲ ಕನ್ನಡದಲ್ಲೇ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ. ನಾನು ಬರೆದದ್ದು ಹೀಗೆ: ನಿರೀಕ್ಷಣಾ ವಲಯ, ಸಮಾಲೋಚನಾ ಕೊಠಡಿ, ಕಾರ್ಯವಿಧಾನ ಕೊಠಡಿ, ನೈರ್ಮಲ್ಯ ವಲಯ. ಓದಿದರೆ ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ಅದರಲ್ಲೂ ಕೊನೆಯದು. ಅಲ್ಲಿಗೆ ಒಂದೇ ಬಾಗಿಲು. ಒಳಗೆ ರೋಗಿಗಳ ಟಾಯ್ಲೆಟ್, ಒಂದು ಸಿಂಕ್, ಕಸದ ಡಬ್ಬಗಳು. ಇದಕ್ಕೆ ಒಳ್ಳೆ ಪದ ಇದೆಯಾ?

ಮೈಸೂರಿನಿಂದ, ನಿವೃತ್ತ ಕನ್ನಡ ಮೇಷ್ಟ್ರು:
‘ನಿರೀಕ್ಷಣಾ ವಲಯ’ ಬಿಡಿ, ‘ಕಾಯುವ ಜಾಗ’ ಅಂದರೆ ಸಾಕು. ಹಿಂದಿನದಕ್ಕೆ ‘ಶುಚಿ ಕೋಣೆ’ ಚೆನ್ನಾಗಿರುತ್ತೆ. ತೊಳೆದು, ಬೇರೆ ಯಾರೂ ಮುಟ್ಟದ ಹಾಗೆ ಇಟ್ಟ ವಸ್ತುವಿಗೆ ನಮ್ಮಲ್ಲಿ ‘ಮಡಿ’ ಅಂತ ಪದವೇ ಇದೆ. ಉಪಕರಣಗಳಿಗೂ ಅದನ್ನೇ ಬಳಸಬಹುದಲ್ವಾ?

ಶಿವಮೊಗ್ಗದಿಂದ, ನರ್ಸ್:
ಮೇಷ್ಟ್ರೇ, ‘ಕಾಯುವ ಜಾಗ’ ಸರಿ. ಆದರೆ ‘ಶುಚಿ’, ‘ಮಡಿ’ ಎರಡೂ ಬೇಡ. ಮಡಿ ಅನ್ನೋ ಮಾತಿನಿಂದ ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿದ್ದಾರೆ. ಅದನ್ನು ಕ್ಲಿನಿಕ್ ಬಾಗಿಲಿಗೆ ತರಬಾರದು. ಅದೂ ಅಲ್ಲದೆ, ತೊಳೆದದ್ದು ಬೇರೆ, ಆಟೋಕ್ಲೇವ್ ಆದದ್ದು, ಅಂದರೆ ಮೆಷೀನಿನ ಬಿಸಿ ಆವಿಯಲ್ಲಿ ಕ್ರಿಮಿ ಸಾಯಿಸಿದ್ದು, ಬೇರೆ. ಹೊಲಿಗೆ ಹಾಕಿದ ಇಕ್ಕಳವನ್ನು ಮೊದಲು ಸೋಪಿನ ನೀರಲ್ಲಿ ಮುಳುಗಿಸಿಟ್ಟುಕೊಂಡೇ ಉಜ್ಜುತ್ತೇವೆ, ನೀರು ಸಿಡಿಯದ ಹಾಗೆ. ಆಮೇಲೆ ಜಾಲಿಸಿ, ಒಣಗಿಸಿ, ಸುತ್ತಿ, 121 ಡಿಗ್ರಿಯಲ್ಲಿ 30 ನಿಮಿಷ ಇಡುತ್ತೇವೆ. ಹೊರಗೆ ಅಂಟಿಸಿದ ಟೇಪಿನಲ್ಲಿ ಕಪ್ಪು ಗೆರೆ ಬರಬೇಕು. ಗೆರೆ ಬಂದರೆ ಕಟ್ಟು ಮೆಷೀನಿನ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ತಿಳಿಯುತ್ತೆ. ಎರಡಕ್ಕೂ ‘ಶುಚಿ’ ಅಂತ ಬರೆದರೆ ಹೊಸ ಹುಡುಗಿ ಬರೀ ತೊಳೆದ ಟ್ರೇ ಎತ್ತಿಕೊಂಡು ಹೋಗುತ್ತಾಳೆ.

ನಕ್ಷೆ ಬರೆದವರಿಗೆ ಒಂದು ಮಾತು. ನಿಮಗೆ ಪದ ಸಿಗದಿರೋದು ಅಲ್ಲಿ ಮೂರು ಬೇರೆ ಬೇರೆ ಕೆಲಸ ಇರೋದರಿಂದ. ರೋಗಿ ಟಾಯ್ಲೆಟ್‌ಗೆ ಬರುತ್ತಾರೆ, ನಾನು ರಕ್ತ ಹತ್ತಿದ ಟ್ರೇ ತರುತ್ತೇನೆ, ಕಸದವರು ಚೀಲ ಒಯ್ಯುತ್ತಾರೆ. ಮೂವರಿಗೂ ಒಂದೇ ಬಾಗಿಲಾ? ಇರೋ ಒಂದೇ ಸಿಂಕಿನಲ್ಲಿ ಉಪಕರಣ ತೊಳೆದು, ಅದರಲ್ಲೇ ಕೈಯೂ ತೊಳೆಯಬೇಕಾ? ಟಾಯ್ಲೆಟ್ ಬಾಗಿಲನ್ನು ಓಡಾಡುವ ದಾರಿಗೆ ತಿರುಗಿಸಿ. ತೊಳೆಯೋ ಕೋಣೆಗೆ ಪ್ರೊಸೀಜರ್ ಕಡೆಯಿಂದ ಒಂದು ಬಾಗಿಲು, ಹಿತ್ತಲಿಗೆ ಒಂದು ಬಾಗಿಲು ಇರಲಿ. ಕಸ ಹಿತ್ತಲಿಂದಲೇ ಹೋಗಬೇಕು, ಕಾಯುವವರ ಮುಂದೆ ಅಲ್ಲ. 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತೆಯೂ ಇಲ್ಲ. ಸೂಜಿ ಹಾಕುವ ಬಿಳಿ ಡಬ್ಬ ಮಾತ್ರ ಹಿಂದೆ ಬೇಡ. ಇಂಜೆಕ್ಷನ್ ಕೊಡೋ ಜಾಗದಲ್ಲೇ, ಕೈಗೆಟಕುವ ಹಾಗೆ ಇರಲಿ. ಸೂಜಿ ಹಿಡಿದು ನಡೆಯುವಾಗಲೇ ಚುಚ್ಚಿಕೊಳ್ಳೋದು.

ಹುಬ್ಬಳ್ಳಿಯಿಂದ:
‘ಕಾರ್ಯವಿಧಾನ ಕೊಠಡಿ’ ಅಂದ್ರೆ ಚೀಟಿ ಮಾಡಿಸೋ ವಿಧಾನ ಹೇಳೋ ಕೋಣೆ ಅಲ್ವಾ? ಹಾಗಿದ್ದರೆ ಅದು ಮುಂದೆ ಇರಬೇಕು. ಇನ್ನೊಂದು, ‘ಸಮಾಲೋಚನಾ’ ಅಂತ ದಯವಿಟ್ಟು ಹಾಕಬೇಡಿ. ನಮ್ಮ ಅವ್ವನ್ನ ಒಂದು ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಬರೀ ಮೊಣಕಾಲು ನೋವು. ಬಾಗಿಲ ಮೇಲೆ ‘ಸಮಾಲೋಚನಾ ಕೊಠಡಿ’ ಅಂತ ಓದಿ ಅಲ್ಲೇ ನಿಂತುಬಿಟ್ಟರು. ‘ಆಪ್ತ ಸಮಾಲೋಚನೆ’ ಅಂತ ಅವರು ಹಿಂದೆ ಓದಿದ್ದು ಎಚ್‌ಐವಿ ಪರೀಕ್ಷೆ ಮಾಡೋ ಕಡೆ. “ನನಗ ಆ ರೋಗ ಇಲ್ಲ, ನಾ ಒಳಗ ಬರಂಗಿಲ್ಲ” ಅಂದರು. ಒಳಗೆ ಕರೆದುಕೊಂಡು ಹೋಗೋಕೆ ಅರ್ಧ ಗಂಟೆ ಆಯ್ತು.

ಮೈಸೂರಿನ ಮೇಷ್ಟ್ರು:
‘ಮಡಿ’ ವಿಷಯ ಒಪ್ಪಿದೆ, ಹಿಂದೆ ತೆಗೆದುಕೊಳ್ಳುತ್ತೇನೆ. ‘ಶುಚಿ’ ಮಾತ್ರ ಪೂರ್ತಿ ಬಿಡೋಕೆ ಮನಸ್ಸಿಲ್ಲ. ತೊಳೆದದ್ದಕ್ಕೆ ‘ಶುಚಿ’, ಆಟೋಕ್ಲೇವ್ ಆದದ್ದಕ್ಕೆ ‘ಕ್ರಿಮಿಮುಕ್ತ’ ಅಂತ ಬೇರೆ ಮಾಡಬಹುದಲ್ಲ?

ಶಿವಮೊಗ್ಗದ ನರ್ಸ್:
ಕಾಗದದ ಮೇಲೆ ಆಗುತ್ತೆ ಸರ್. ಕೆಲಸದ ನಡುವೆ ನಾವು ‘ತೊಳೆದದ್ದು’, ‘ಆಟೋಕ್ಲೇವ್ ಆದದ್ದು’ ಅಂತಲೇ ಹೇಳೋದು. ಕಪಾಟಿಗೆ ಅದನ್ನೇ ಬರೆದರೆ ಯಾರೂ ತಪ್ಪಲ್ಲ.

ತುಮಕೂರಿನಿಂದ, ಮತ್ತೆ ನಾನು:
ನಕ್ಷೆ ತಿದ್ದಿದೆ. ‘ನೈರ್ಮಲ್ಯ ವಲಯ’ ಅನ್ನೋ ಬೋರ್ಡೇ ಈಗ ಇಲ್ಲ. ದಾರಿ ಕಡೆಗೆ ‘ಶೌಚಾಲಯ’. ಒಳಗಡೆ ‘ಉಪಕರಣ ತೊಳೆಯುವ ಕೋಣೆ’, ಅದರ ಕೆಳಗೆ ‘ಸಿಬ್ಬಂದಿಗೆ ಮಾತ್ರ’. ಕೈ ತೊಳೆಯೋ ಸಿಂಕ್ ಬೇರೆ, ಪ್ರೊಸೀಜರ್ ಕೋಣೆಯ ಬಾಗಿಲ ಪಕ್ಕ. ಅದಕ್ಕಾಗಿ ಕಾಯುವ ಜಾಗದಲ್ಲಿ ಎರಡು ಕುರ್ಚಿ ಕಡಿಮೆಯಾದವು. ‘ಸಮಾಲೋಚನಾ’ ತೆಗೆದು ‘ಡಾಕ್ಟರ ಕೋಣೆ’ ಅಂತ ಮಾಡಿದೆ.

ಪ್ರೊಸೀಜರ್ ಒಂದೇ ಉಳಿದಿದೆ. ‘ಸಣ್ಣ ಶಸ್ತ್ರಚಿಕಿತ್ಸೆ’ ಅಂದರೆ ಜನ ಹೆದರುತ್ತಾರೆ. ‘ಚಿಕಿತ್ಸಾ ಕೊಠಡಿ’ ಅಂದರೆ ಡಾಕ್ಟರ ಕೋಣೆಯಲ್ಲಿ ನಡೆಯೋದೂ ಚಿಕಿತ್ಸೆಯೇ. ‘ಡ್ರೆಸ್ಸಿಂಗ್ ರೂಮ್’ ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಇಂಜೆಕ್ಷನ್ನು, ನೆಬುಲೈಜರ್ ಕೂಡ ಕೊಡುತ್ತಾರೆ. ನಿಮ್ಮೂರಲ್ಲಿ ಈ ಕೋಣೆಗೆ ಜನ ಏನಂತಾರೆ? ಬೋರ್ಡ್ ಬರೆಯೋರು ಸೋಮವಾರ ಬರುತ್ತಾರೆ.