ಸಹಾಯ ಬೇಕು: ಸೊನ್ನೆಯಲ್ಲಿ ಇಷ್ಟು ಚಪ್ಪಟೆಯಾದ ಫಂಕ್ಷನ್
f(x) = e^(−1/x²), f(0) = 0. ಇದರ ಬಗ್ಗೆ ಒಂದು ವಿಷಯ ಬಿಡಿಸಿ ಹೇಳ್ತೀರಾ?

ಲಿಮಿಟ್ ತನಕ ತೊಂದರೆ ಇಲ್ಲ. x ಸೊನ್ನೆಯ ಹತ್ತಿರ ಬಂದಂತೆ 1/x² ಮಿತಿಯಿಲ್ಲದೆ ಬೆಳೆಯುತ್ತದೆ, f ಸೊನ್ನೆಗೆ ಹೋಗುತ್ತದೆ. x = 0.1 ಇಟ್ಟರೆ ಬರುವುದು e^(−100), ಸುಮಾರು 3.7 × 10^(−44). ಅಲ್ಲಿ x¹⁰ ಕೂಡ 10^(−10), ಅದೇ ಎಷ್ಟೋ ದೊಡ್ಡದು!

ಪ್ರತಿ ಡೆರಿವೇಟಿವ್ ಕೂಡ 1/x ನ ಒಂದು ಪಾಲಿನಾಮಿಯಲ್ ಮತ್ತು f ಇವುಗಳ ಗುಣಲಬ್ಧ. f ಯಾವ xⁿ ಗಿಂತಲೂ ಬೇಗ ಕುಗ್ಗುವುದರಿಂದ ಸೊನ್ನೆಯಲ್ಲಿ ಎಲ್ಲ ಡೆರಿವೇಟಿವ್‌ಗಳೂ ಸೊನ್ನೆ. ಟೇಲರ್ ಸರಣಿಯೂ ಪೂರ್ತಿ ಸೊನ್ನೆ. ಆದರೆ x ಸೊನ್ನೆಯಲ್ಲದ ಕಡೆಯೆಲ್ಲ f ಸೊನ್ನೆಗಿಂತ ಜಾಸ್ತಿ.

x = iy ಹಾಕಿದರೆ e^(1/y²) ಬರುತ್ತದೆ, ಅದು ಸೊನ್ನೆಯ ಹತ್ತಿರ ಮಿತಿಮೀರಿ ಬೆಳೆಯುತ್ತದೆ. ಸರಣಿಗೆ f ಸಿಗದಿರುವುದಕ್ಕೆ ಇದೇ ಕಾರಣ ಅಲ್ವಾ? ಕಾಂಪ್ಲೆಕ್ಸ್ ಸಂಖ್ಯೆ ಮುಟ್ಟದೆ, ಸೊನ್ನೆಯ ಅಕ್ಕಪಕ್ಕ ಡೆರಿವೇಟಿವ್‌ಗಳು n ಜೊತೆ ಎಷ್ಟು ಬೇಗ ಬೆಳೆಯುತ್ತವೆ ಎಂಬುದರಿಂದಲೇ ಇದನ್ನು ತೋರಿಸಬಹುದಾ? ಗೊತ್ತಿರುವವರು ಹಂತಗಳನ್ನು ಬರೆದರೆ ತುಂಬಾ ಉಪಕಾರ.