ಅಪ್‌ಡೇಟ್: ಭಾವನವರ ಉತ್ತರಕ್ಕೆ ಗೆಳೆಯರು ಮುನಿಸಿಕೊಂಡ ಪ್ರಸಂಗ

ನನ್ನ ಪ್ರಶ್ನೆ: "ಗೆಳೆಯರು ಕಳುಹಿಸಿದ 🍅📦😭🙏 ಸಂದೇಶಕ್ಕೆ ನಮ್ಮ ಭಾವ ‘ಭೇಷ್, ಪಾರ್ಟಿ ಯಾವಾಗ?’ ಎಂದು ಬರೆದ ಮೇಲೆ ಆ ಗೆಳೆಯರು ಫೋನ್ ಎತ್ತುತ್ತಿಲ್ಲ. ಏಕಿರಬಹುದು?"

ಅಪ್‌ಡೇಟ್: ಗೆಳೆಯರು ಟೊಮೆಟೊ ಒಯ್ದಿದ್ದ ಕೋಲಾರದ ಎಪಿಎಂಸಿಯಲ್ಲಿ ಅಂದು 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ, ಕೀಳುವ ಕೂಲಿಯೂ ಹುಟ್ಟದಷ್ಟು ಕುಸಿದಿತ್ತಂತೆ. ಕನ್ನಡಕವಿಲ್ಲದ ಭಾವನವರಿಗೆ 😭 ಎಂಬುದು 😂 ಆಗಿ ಕಂಡಿದೆ; ಎರಡರಲ್ಲೂ ಕಣ್ಣೀರಿರುವುದು ನಿಜ, ಆದರೆ ನಗುವಿನದರಲ್ಲಿ ಹನಿಗಳು ಕಣ್ಣಂಚಿನಲ್ಲೇ ನಿಂತು ಹಲ್ಲು ಕಾಣುತ್ತದೆ, ಅಳುವಿನದರಲ್ಲಿ ನೀರು ಎರಡು ಧಾರೆಯಾಗಿ ಕೆನ್ನೆಯುದ್ದಕ್ಕೂ ಇಳಿಯುತ್ತದೆ. ಮುಗಿದ ಕೈಗಳನ್ನು ಅವರು ದೇವರಿಗೆ ಸಲ್ಲಿಸಿದ ವಂದನೆಯೆಂದುಕೊಂಡರು (ನಮ್ಮ ಕಡೆ ‘ಸಾಕಪ್ಪಾ ಸಾಕು’ ಎನ್ನುವುದಕ್ಕೂ ಅದೇ ಚಿಹ್ನೆ ನಡೆಯುತ್ತದೆ). ನಿನ್ನೆ ಭಾವನವರೇ ಮಂಡಿಗೆ ಹೋಗಿ ಮಾತನಾಡಿಸಿದಾಗ ಗೆಳೆಯರು, "ಪಾರ್ಟಿ ತಾನೇ? ಎರಡು ಬಾಕ್ಸ್ ಎತ್ಕೊಂಡು ಹೋಗಿ ಗೊಜ್ಜು ಮಾಡಿಸ್ಕೊಂಡು ತಿನ್ನು" ಎಂದರಂತೆ. ಈಗ ಫೋನ್ ಎತ್ತುತ್ತಿದ್ದಾರೆ.