ಎತ್ತರ ಬದಲಾದರೆ ಕಾಲಸ್ಥಿರಾಂಕವೂ ಬದಲಾಗುತ್ತದೆ: ಹಾಗಾದರೆ ಅದು ಯಾವುದರ ಸ್ಥಿರಾಂಕ?

ಪ್ರಶ್ನೆ, ಬೆಳಗಾವಿಯಿಂದ

ಡಿಪ್ಲೊಮಾ ಮಕ್ಕಳಿಗಾಗಿ ಕಂಟ್ರೋಲ್ ಲ್ಯಾಬಿನ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಮ್ ಕಾನ್‌ಸ್ಟಂಟ್‌ಗೆ 'ಕಾಲಸ್ಥಿರಾಂಕ' ಅಂತ ಹಾಕಿದೆ. ನಮ್ಮ ಟ್ಯಾಂಕಿನ ಅಡ್ಡಕೊಯ್ತದ ವಿಸ್ತೀರ್ಣ 200 ಚದರ ಸೆಂ.ಮೀ. ಮೇಲಿಂದ ನೀರು ಬೀಳುತ್ತದೆ, ಕೆಳಗಿನ ವಾಲ್ವಿನಿಂದ ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ. ವಾಲ್ವನ್ನು ಒಂದು ಕಡೆ ನಿಲ್ಲಿಸಿ ಅಳೆದರೆ ಸಮೀಕರಣ ಇಷ್ಟು:

```
A dh/dt = q − k√h
A = 200,  k = 10   (cm, s)
```

25 ಸೆಂ.ಮೀ. ಎತ್ತರದಲ್ಲಿ ರೇಖೀಕರಿಸಿದರೆ 200 ಸೆಕೆಂಡ್ ಬರುತ್ತದೆ, 9 ಸೆಂ.ಮೀ.ಗೆ 120. ವಾಲ್ವ್ ಅದೇ, ಟ್ಯಾಂಕ್ ಅದೇ. "ಮೇಡಂ, ಬದಲಾಗೋದನ್ನ ಸ್ಥಿರಾಂಕ ಅಂತ ಯಾಕೆ ಕರೀಬೇಕು?" ಅಂತ ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನೀವು ಏನು ಬಳಸುತ್ತೀರಿ?

ವಿಜಯಪುರದಿಂದ

ಮೇಡಂ, ಸರಳವಾಗಿ 'ನೀರು ಬದಲಾಗುವ ಕಾಲ' ಅನ್ನಿ. ಟ್ಯಾಂಕಿನಲ್ಲಿರುವ ನೀರನ್ನು ಹರಿವಿನಿಂದ ಭಾಗಿಸಿದರೆ ಸಾಕು. 25 ಸೆಂ.ಮೀ.ನಲ್ಲಿ 5000 ಮಿ.ಲೀ. ನೀರು, ಹರಿವು ಸೆಕೆಂಡ್‌ಗೆ 50 ಮಿ.ಲೀ. ಅಂದರೆ 100 ಸೆಕೆಂಡ್. ನಿಮ್ಮ 200ರಲ್ಲಿ ಎಲ್ಲೋ ಒಂದು ಎರಡು ಜಾಸ್ತಿ ಸೇರಿದೆ.

ಬಾಗಲಕೋಟೆಯಿಂದ

ಆ ಎರಡು ಬೇಕು ಸರ್, ಇಡೀ ಲೆಕ್ಕದ ಜೀವ ಅದರಲ್ಲೇ ಇದೆ. ಎತ್ತರದ ಎದುರು ಹೊರಹರಿವಿನ ಗೆರೆ ಬರೆದು ನೋಡಿ. ಅದು ಬಾಗಿದ ಗೆರೆ. ನೀವು ಸೊನ್ನೆಯಿಂದ 25ರ ಚುಕ್ಕೆಗೆ ನೇರ ಗೆರೆ ಎಳೆದಿದ್ದೀರಿ, ಅದರ ಪ್ರಕಾರ ಪ್ರತಿ ಸೆಂ.ಮೀ.ಗೆ 2 ಮಿ.ಲೀ. ಹರಿವು ಹೆಚ್ಚುತ್ತದೆ. ಆದರೆ 25ರಲ್ಲಿ ನಿಂತಿರುವ ನೀರು ಒಂದು ಸೆಂ.ಮೀ. ಏರಿದರೆ ಹೊರಹರಿವು ನಿಜಕ್ಕೂ ಎಷ್ಟು ಹೆಚ್ಚುತ್ತದೆ? √h ಗೆ ಅಲ್ಲಿ ತಾಗುವ ಗೆರೆಯ ಇಳಿಜಾರು 1/(2√h). ಆದ್ದರಿಂದ 10/(2×5), ಅಂದರೆ 1 ಮಿ.ಲೀ. ಮಾತ್ರ. ಟ್ಯಾಂಕಿನ 200ನ್ನು ಈ 1ರಿಂದ ಭಾಗಿಸಿದರೆ 200 ಸೆಕೆಂಡ್. 9 ಸೆಂ.ಮೀ.ನಲ್ಲಿ ಇಳಿಜಾರು 10/6, ಅದಕ್ಕೇ 120. ಕೆಳಮಟ್ಟದಲ್ಲಿ ಗೆರೆ ಕಡಿದಾಗಿರುತ್ತದೆ, ಹಾಗಾಗಿ ಟ್ಯಾಂಕು ಬೇಗ ಸಮಾಧಾನಕ್ಕೆ ಬರುತ್ತದೆ.

ಪರೀಕ್ಷೆ ಸುಲಭ. ನೀರು 25ರಲ್ಲಿ ನಿಂತ ಮೇಲೆ ಒಳಹರಿವನ್ನು 50ರಿಂದ 52ಕ್ಕೆ ಏರಿಸಿ. ರೇಖೀಯ ಮಾದರಿ ಕೊನೆಗೆ 27 ಅನ್ನುತ್ತದೆ, ನಿಜವಾದ ಸಮೀಕರಣ 27.04. ಏರಿಕೆಯ 63 ಶೇಕಡಾ ಮುಗಿಯುವುದು ಸುಮಾರು 205 ಸೆಕೆಂಡಿಗೆ. ಒಳಹರಿವನ್ನು ಒಮ್ಮೆಲೇ 80ಕ್ಕೆ ಏರಿಸಿದರೆ ಮಾದರಿ 55 ಅನ್ನುತ್ತದೆ, ನೀರು ಮಾತ್ರ 64ಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ನಿಮ್ಮ 200ನ್ನು ನಂಬಬಾರದು.

ಇನ್ನೊಂದು ಕಡೆ ಮಕ್ಕಳು ಎಡವುತ್ತಾರೆ. ಒಳಹರಿವನ್ನು ಪೂರ್ತಿ ನಿಲ್ಲಿಸಿದರೆ 25 ಸೆಂ.ಮೀ. ನೀರು ಸರಿಯಾಗಿ 200 ಸೆಕೆಂಡಿಗೆ ಖಾಲಿಯಾಗುತ್ತದೆ. ಅದನ್ನು ನೋಡಿ "ಕಾಲಸ್ಥಿರಾಂಕ ಅಂದರೆ ಖಾಲಿಯಾಗುವ ಕಾಲ" ಅಂತ ಬರೆದುಕೊಳ್ಳುತ್ತಾರೆ. ವರ್ಗಮೂಲದ ಹರಿವಿನಲ್ಲಿ ಎರಡೂ ಸಂಖ್ಯೆ ಒಂದೇ ಬರುತ್ತವೆ, ಅಷ್ಟೇ. ರೇಖೀಯ ಮಾದರಿಯನ್ನೇ ಕೇಳಿದರೆ ನೀರು ಕೊನೆಗೆ ತಳಕ್ಕಿಂತ 25 ಸೆಂ.ಮೀ. ಕೆಳಗೆ ನಿಲ್ಲಬೇಕು ಅನ್ನುತ್ತದೆ!

ಮುಧೋಳದಿಂದ

ನಮ್ಮ ಸಕ್ಕರೆ ಕಾರ್ಖಾನೆಯ ರಸದ ಟ್ಯಾಂಕಿಗೂ ಹೀಗೇ ತೆಗೆಯಬಹುದಾ ಸರ್? ಒಳಹರಿವು ಸ್ವಲ್ಪ ಜಾಸ್ತಿ ಆದರೂ ಮಟ್ಟ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲೋದಿಲ್ಲ. ನಮ್ಮದು ತುಂಬಾ ದೊಡ್ಡ ಕಾಲಸ್ಥಿರಾಂಕ ಅಂತ ಅಂದುಕೊಂಡಿದ್ದೇವೆ.

ಬಾಗಲಕೋಟೆಯಿಂದ

ಹೊರಗೆ ಎಳೆಯೋದು ಪಂಪು ಅಲ್ವಾ? ಪಂಪು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಎಳೆಯುತ್ತದೆ, ಮಟ್ಟ ಏರಿದರೂ ಹೊರಹರಿವು ಹೆಚ್ಚುವುದಿಲ್ಲ. ಇಳಿಜಾರೇ ಸೊನ್ನೆ. ಆಗ ಅಲ್ಲಿ ದೊಡ್ಡ ಕಾಲಸ್ಥಿರಾಂಕ ಅಲ್ಲ, ಕಾಲಸ್ಥಿರಾಂಕವೇ ಇಲ್ಲ. ಹೆಚ್ಚಾದ ಹರಿವನ್ನು ಟ್ಯಾಂಕು ಸುಮ್ನೆ ಕೂಡಿಸುತ್ತಾ ಹೋಗುತ್ತದೆ. ಪಂಪಿನ ಮುಂದಿನ ವಾಲ್ವನ್ನು ಮಟ್ಟ ನೋಡಿ ಯಾರಾದರೂ ತಿರುಗಿಸುತ್ತಿದ್ದರೆ ಕಥೆ ಬೇರೆ, ಅದನ್ನು ತಿಳಿಸಿ.

ಮೇಡಂ, ಪದಕ್ಕೆ ಬಂದರೆ ನಾನು 'ಕಾಲಸ್ಥಿರಾಂಕ'ವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಒಂಟಿಯಾಗಿ ಬರೆಯುವುದಿಲ್ಲ, '25 ಸೆಂ.ಮೀ. ಕಾರ್ಯಬಿಂದುವಿನ ಕಾಲಸ್ಥಿರಾಂಕ' ಅಂತಲೇ ಪ್ರತಿ ಸಲ ಬರೆಸುತ್ತೇನೆ. ಸ್ಥಿರವಾಗಿರುವುದು ಆ ಬಿಂದುವಿನ ಸುತ್ತ ಮಾಡಿದ ರೇಖೀಯ ಮಾದರಿಯೊಳಗೆ.

ವಿಜಯಪುರದಿಂದ

ಎರಡು ಎಲ್ಲಿಂದ ಬಂತು ಅನ್ನೋದು ಈಗ ಕಾಣಿಸಿತು ಸರ್. ಪದದ ಬಗ್ಗೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಅಷ್ಟು ಉದ್ದದ ಮಾತನ್ನು ಹುಡುಗರು ಪರೀಕ್ಷೆಯಲ್ಲಿ ಬರೆಯಲ್ಲ, 'ಸ್ಥಿರಾಂಕ' ಒಂದೇ ಉಳಿಯುತ್ತದೆ. 'ಸ್ಪಂದನಕಾಲ' ಅಂದರೆ ಆಗಲ್ವಾ?

ಬೆಳಗಾವಿಯಿಂದ

'ಸ್ಪಂದನಕಾಲ' ಕಿವಿಗೆ ಚೆನ್ನಾಗಿದೆ. ಆದರೆ ನಮ್ಮ ಲ್ಯಾಬಿನಲ್ಲಿ ಮಟ್ಟ ಪೂರ್ತಿ ನಿಲ್ಲುವವರೆಗಿನ ಹೊತ್ತಿಗೆ ಆಗಲೇ ಆ ಪದ ಬಳಸಿಬಿಟ್ಟಿದ್ದೇವೆ. ಸದ್ಯಕ್ಕೆ ಕಾರ್ಯಬಿಂದು ಸೇರಿಸಿಯೇ ಬರೆಯುತ್ತೇನೆ. ಒಂದು ಸಂದೇಹ ಉಳಿದಿದೆ: ನಮ್ಮ ಸ್ಕೇಲಿನ ಸೊನ್ನೆ ಟ್ಯಾಂಕಿನ ತಳದಲ್ಲಿದೆ, ವಾಲ್ವ್ ಅದಕ್ಕಿಂತ ಮೇಲಿದೆ. ಎತ್ತರವನ್ನು ಎಲ್ಲಿಂದ ಎಣಿಸಬೇಕು?

ಬಾಗಲಕೋಟೆಯಿಂದ

ವಾಲ್ವಿನ ಬಾಯಿಯ ನಡುವಿನಿಂದ. ನಾಲ್ಕೈದು ಮಟ್ಟಗಳಲ್ಲಿ ನೀರು ನಿಲ್ಲಿಸಿ ಹರಿವಿನ ವರ್ಗವನ್ನು ಸ್ಕೇಲಿನ ಓದಿನ ಎದುರು ಬರೆಯಿರಿ. ನೇರ ಗೆರೆ ಬರುತ್ತದೆ, ಅದು ಸ್ಕೇಲನ್ನು ಎಲ್ಲಿ ಕಡಿಯುತ್ತದೋ ಅದೇ ನಿಜವಾದ ಸೊನ್ನೆ. ಅದು 4ರಲ್ಲಿ ಇದ್ದರೆ ನಿಮ್ಮ 25 ಅಂದರೆ 21. k ಅದೇ 10 ಇದ್ದರೆ ಕಾಲಸ್ಥಿರಾಂಕ 183 ಸೆಕೆಂಡಿಗೆ ಇಳಿಯುತ್ತದೆ.